ಹನ್ನೆರಡು ಲಕ್ಷ ಸ್ವಲ್ಪ ದಾಟಿತಾ? ತೆರಿಗೆ ಲೆಕ್ಕ ಹೀಗೆ ಹಾಕಿ

ತುಮಕೂರಿನ ನಮ್ಮ ಪಕ್ಕದ ಮನೆಯ ಅಣ್ಣ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. 2025-26ರಲ್ಲಿ ಅವರ ಸಂಬಳ 12,75,000 ರೂಪಾಯಿ. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ಸರಿಯಾಗಿ ಹನ್ನೆರಡು ಲಕ್ಷ, ಅಲ್ಲಿಗೆ ತೆರಿಗೆ ಸೊನ್ನೆ ಅಂತ ಆರಾಮಾಗಿದ್ದರು. ಆದರೆ ಸೈಟು ಮಾರಿದ ದುಡ್ಡನ್ನು ಎಫ್‌ಡಿ ಇಟ್ಟಿದ್ದರು, ಅದಕ್ಕೆ 25,000 ಬಡ್ಡಿ ಬಂದಿದೆ. ಅದನ್ನು ಮರೆತೇಬಿಟ್ಟಿದ್ದರು.

ಮೊದಲು ಎಲ್ಲ ಆದಾಯ ಕೂಡಿಸಿ. 75,000 ಕಳೆದ ಮೇಲೆ ಅಣ್ಣನದು 12,25,000 ಆಯಿತು. ಈಗ ಸ್ಲ್ಯಾಬ್ ಪ್ರಕಾರ ತೆರಿಗೆ ಹಾಕಿ. ಮೊದಲ ನಾಲ್ಕು ಲಕ್ಷಕ್ಕೆ ಏನಿಲ್ಲ. ಮುಂದಿನ ನಾಲ್ಕಕ್ಕೆ ಶೇ 5, ಅದರ ಮುಂದಿನ ನಾಲ್ಕಕ್ಕೆ ಶೇ 10, ಎರಡೂ ಸೇರಿ 60,000. ಮಿಕ್ಕ 25,000ಕ್ಕೆ ಶೇ 15 ಅಂದರೆ 3,750. ಒಟ್ಟು 63,750.

ಆದಾಯ ಹನ್ನೆರಡು ಲಕ್ಷದ ಒಳಗಿದ್ದರೆ 87ಎ ರಿಬೇಟ್ ಆ 60,000ವನ್ನು ಪೂರ್ತಿ ಅಳಿಸಿಬಿಡುತ್ತಿತ್ತು. ಗೆರೆ ದಾಟಿದರೆ ಆ ರಿಬೇಟ್ ಇಲ್ಲ. ಹಾಗಂತ 25,000 ಜಾಸ್ತಿ ಬಂದದ್ದಕ್ಕೆ 63,750 ಕಟ್ಟಿ ಅಂದರೆ ಅನ್ಯಾಯ ಅಲ್ವಾ? ಅದಕ್ಕೇ ಮಾರ್ಜಿನಲ್ ರಿಲೀಫ್ ಇರುವುದು. ಹನ್ನೆರಡು ಲಕ್ಷದ ಮೇಲೆ ಎಷ್ಟು ಬಂದಿದೆಯೋ ತೆರಿಗೆ ಅದಕ್ಕಿಂತ ಹೆಚ್ಚಾಗಬಾರದು. ಅಣ್ಣನಿಗೆ 38,750 ಮನ್ನಾ, ತೆರಿಗೆ 25,000ಕ್ಕೆ ನಿಂತಿತು. ಅದರ ಮೇಲೆ ಶೇ 4 ಸೆಸ್ 1,000 ಸೇರಿ 26,000.

ಲೆಕ್ಕ ನೋಡಿ ಅಣ್ಣ ನಕ್ಕರು: "ಬಡ್ಡಿ ಬಂದದ್ದೇ ಇಪ್ಪತ್ತೈದು, ಕಟ್ಟೋದು ಇಪ್ಪತ್ತಾರಾ?" ಹೌದು. ರಿಲೀಫ್ ದೊಡ್ಡ ನಷ್ಟ ತಪ್ಪಿಸುತ್ತದೆ, ಲಾಭ ಉಳಿಸುವುದಿಲ್ಲ, ಸೆಸ್ ಬೇರೆ ಮೇಲೆ ಬೀಳುತ್ತದೆ. ಸುಮಾರು 12,70,588ರವರೆಗೂ ಹೀಗೇ, ಹೆಚ್ಚಿಗೆ ಬಂದ ಪ್ರತಿ ರೂಪಾಯಿಯೂ ತೆರಿಗೆಗೇ ಹೋಗುತ್ತದೆ. ಅಲ್ಲಿಂದಾಚೆ ರಿಲೀಫ್ ಮುಗಿಯಿತು, ಮಾಮೂಲಿ ಲೆಕ್ಕ.

ಸಾಮಾನ್ಯವಾಗಿ ಎಡವಟ್ಟಾಗುವುದು ಇಲ್ಲೇ. ಬಡ್ಡಿ ವರ್ಷಕ್ಕೆ 50,000 ದಾಟದಿದ್ದರೆ ಬ್ಯಾಂಕು ಟಿಡಿಎಸ್ ಹಿಡಿಯುವುದಿಲ್ಲ (ಹಿರಿಯ ನಾಗರಿಕರಿಗೆ ಒಂದು ಲಕ್ಷ), ಕಾರ್ಖಾನೆಗೆ ಆ ಬಡ್ಡಿ ಗೊತ್ತೇ ಇರುವುದಿಲ್ಲ, ಆದರೆ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್ ಅನ್ನುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅದು ಕಾಣುತ್ತದೆ. ರಿಟರ್ನ್ ತುಂಬುವ ಮೊದಲು ಅದನ್ನೊಮ್ಮೆ ತೆರೆದು ನೋಡಿ. ಕಟ್ಟಬೇಕಾದದ್ದು 10,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು, ಇಲ್ಲದಿದ್ದರೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೀಳುತ್ತದೆ. ವರ್ಷದ ಮಧ್ಯದಲ್ಲೇ ಅಕೌಂಟ್ಸ್ ವಿಭಾಗಕ್ಕೆ ಎಫ್‌ಡಿ ಬಡ್ಡಿ ತಿಳಿಸಿದರೆ ಸಂಬಳದಲ್ಲೇ ಸ್ವಲ್ಪ ಸ್ವಲ್ಪ ಹಿಡಿಯುತ್ತಾರೆ, ಅದೇ ಸುಲಭ.

ಎಲ್‌ಐಸಿ, ಪಿಪಿಎಫ್ ತೋರಿಸಿ ಹನ್ನೆರಡರ ಒಳಗೆ ಬರೋಣ ಅಂದರೆ ಹೊಸ ಪದ್ಧತಿಯಲ್ಲಿ ಆಗುವುದಿಲ್ಲ. ಇಂಥ ಉಳಿತಾಯಗಳಲ್ಲಿ ಕಂಪನಿಯೇ ನಿಮ್ಮ ಎನ್‌ಪಿಎಸ್ ಖಾತೆಗೆ ಕಟ್ಟುವ ಪಾಲನ್ನು ಮಾತ್ರ ಆದಾಯದಿಂದ ಕಳೆಯಬಹುದು, ಮೂಲ ವೇತನ ಮತ್ತು ಡಿಎಯ ಶೇ 14ರವರೆಗೆ. ಸಂಬಳದಲ್ಲೇ 25,000ವನ್ನು ಆ ಕಡೆ ತಿರುಗಿಸಿದ್ದರೆ ಅಣ್ಣನಿಗೆ ತೆರಿಗೆ ಸೊನ್ನೆ. ಮುಂದಿನ ವರ್ಷಕ್ಕೆ ಈಗಲೇ ಎಚ್‌ಆರ್ ಹತ್ತಿರ ಮಾತಾಡಿದ್ದಾರೆ.