ಒಂದೇ ಲೋಟ, ಮೂರು ನೋಟ: ಕ್ಯೂಬಿಸ್ಟರ ಹಾಗೆ ಚಿತ್ರ ಬರೆಯುವುದು ಹೇಗೆ?

ಒಂದು ವಸ್ತುವಿನ ಹಲವು ನೋಟಗಳನ್ನು ಒಂದೇ ಚಿತ್ರದಲ್ಲಿ ಸೇರಿಸಿದ ಚಿತ್ರಕಾರರೇ ಕ್ಯೂಬಿಸ್ಟರು. ಅವರಲ್ಲೊಬ್ಬನಾದ ಜಾರ್ಜ್ ಬ್ರಾಕ್ 1909ರಲ್ಲಿ ಬರೆದ ‘ವಯಲಿನ್ ಮತ್ತು ಪ್ಯಾಲೆಟ್’ ಈಗ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ವಯಲಿನ್ನಿನ ಮೈ ಚೂರುಚೂರಾಗಿ, ಒಂದೊಂದು ಚೂರೂ ಬೇರೆ ಬೇರೆ ಕಡೆಗೆ ವಾಲಿಕೊಂಡಿದೆ. ಆದರೂ ಅದು ವಯಲಿನ್ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಇದರ ಗುಟ್ಟು ಅರಿಯಲು ಒಂದು ಲೋಟ, ಪೆನ್ಸಿಲ್, ನಾಲ್ಕು ಹಾಳೆ ಸಾಕು.

ಮೊದಲು ಮೂರು ಹಾಳೆಗಳಲ್ಲಿ ಮೂರು ನೋಟ ಬರೆಯಿರಿ. ಮೇಲಿನಿಂದ ನೋಡಿದರೆ ಬಾಯಿ ಪೂರ್ತಿ ವೃತ್ತ. ಕಣ್ಣಿನ ಮಟ್ಟದಲ್ಲಿಟ್ಟು ನೋಡಿದರೆ ಕೆಳಗೆ ಕಿರಿದಾಗುವ ಮೈ, ನೇರ ಗೆರೆಯಂಥ ತಳ. ಓರೆಯಾಗಿ ನೋಡಿದರೆ ಬಾಯಿ ಮೊಟ್ಟೆಯಾಕಾರ. ಈ ಮೊಟ್ಟೆಯಾಕಾರವನ್ನೇ ಯುರೋಪಿನ ಚಿತ್ರಕಾರರು ನಾನೂರಕ್ಕೂ ಹೆಚ್ಚು ವರ್ಷ ‘ಸರಿ’ ಎಂದು ನಂಬಿದ್ದರು. ಆದರೆ ದುಂಡಗಿರುವುದು ಲೋಟದ ಗುಣ, ಮೊಟ್ಟೆಯಾಕಾರ ನಾವು ಕೂತ ಜಾಗದ ಗುಣ. ಕ್ಯೂಬಿಸ್ಟರು ಬದಲಿಸಿದ್ದು ಇದನ್ನೇ: ಒಂದು ಜಾಗದಿಂದ ಕಂಡದ್ದಕ್ಕಿಂತ ವಸ್ತುವಿನ ಬಗ್ಗೆ ತಿಳಿದದ್ದು ಅವರಿಗೆ ಮುಖ್ಯವಾಯಿತು.

ಈಗ ನಾಲ್ಕನೇ ಹಾಳೆಯ ನಡುವೆ ತೆಳುವಾಗಿ ಒಂದು ಲಂಬ ಗೆರೆ ಎಳೆಯಿರಿ. ಅದರ ಮೇಲ್ತುದಿಯಲ್ಲಿ ಅರ್ಧ ವೃತ್ತ, ಒಂದು ಬದಿಗೆ ಲೋಟದ ಇಳಿಜಾರು ಅಂಚು, ಕೆಳಗೆ ನೇರ ತಳ ಇಡಿ. ಪ್ರತಿ ನೋಟದಿಂದ ಒಂದು ತುಂಡು ಮಾತ್ರ ತೆಗೆದುಕೊಳ್ಳಿ. ಮೂರನ್ನೂ ಇಡಿಯಾಗಿ ಒಂದರ ಮೇಲೊಂದು ಬರೆದರೆ ತಂತಿಯ ಸಿಕ್ಕು ಕಾಣುತ್ತದೆಯೇ ಹೊರತು ಲೋಟ ಕಾಣುವುದಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ: ಒಂದೇ ನೋಟವನ್ನು ಬರೆದು, ಮೇಲೆ ತ್ರಿಕೋನಗಳನ್ನು ಕೊರೆಯುವುದು. ಆ ಗೆರೆಗಳನ್ನು ಅಳಿಸಿದಾಗ ಮಾಮೂಲಿ ಲೋಟವೇ ಉಳಿದರೆ, ನೋಡುವ ಕೋನ ಬದಲಾಗಿಯೇ ಇಲ್ಲ ಎಂದರ್ಥ.

ಮುಂದಿನ ಹಂತ ಕಷ್ಟದ್ದು. ಹೊರಗೆರೆಯನ್ನು ಎರಡು ಮೂರು ಕಡೆ ಅಳಿಸಿ, ಲೋಟದ ಛಾಯೆ ಅಲ್ಲಿಂದ ಹಿನ್ನೆಲೆಗೆ ಹರಿಯಲು ಬಿಡಿ. ಕ್ಯೂಬಿಸ್ಟರು ತಮಗಿಂತ ಹಿಂದಿನ ಚಿತ್ರಕಾರ ಸೆಜಾನ್‌ನಿಂದ ಕಲಿತ ಈ ಕ್ರಮಕ್ಕೆ ಫ್ರೆಂಚಿನಲ್ಲಿ ‘ಪಸಾಜ್’ ಎಂದು ಹೆಸರು. ಗೆರೆ ಪೂರ್ತಿ ಮುಚ್ಚಿದ್ದರೆ ತುಂಡುಗಳು ಕತ್ತರಿಸಿ ಅಂಟಿಸಿದಂತೆ ಬಿಡಿಬಿಡಿಯಾಗಿ ಉಳಿಯುತ್ತವೆ. ಬೆಳಕೂ ಒಂದೇ ದಿಕ್ಕಿನಿಂದ ಬರಬಾರದು. ಪ್ರತಿ ತುಂಡಿನ ಒಂದಂಚು ಕಪ್ಪಾಗಿರಲಿ, ಎದುರಂಚು ಬಿಳಿಚಿಕೊಳ್ಳಲಿ. ಬಣ್ಣ ಬೇಕೆಂದರೆ ಬೂದು, ಕಂದು, ಮಾಸಿದ ಹಸಿರು ಸಾಕು. ಗಾಢ ಬಣ್ಣ ಒಂದು ತುಂಡನ್ನು ಎತ್ತಿ ಹಿಡಿದು ಉಳಿದವುಗಳಿಂದ ಬೇರ್ಪಡಿಸುತ್ತದೆ.

ಎಷ್ಟು ಒಡೆಯಬಹುದು? 1911ರ ಹೊತ್ತಿಗೆ ಬ್ರಾಕ್ ಮತ್ತು ಪಿಕಾಸೊ ವಸ್ತು ಬಹುತೇಕ ಕರಗಿಹೋಗುವಷ್ಟು ಒಡೆದಿದ್ದರು. ಆಗ ನೋಡುವವರ ಕೈ ಹಿಡಿದದ್ದು ಸಣ್ಣ ಗುರುತುಗಳು: ವಯಲಿನ್ನಿನ ಮೈಮೇಲಿನ ಬಳುಕಿದ ಸೀಳು, ನಾಲ್ಕಾರು ತಂತಿ, ಅಚ್ಚಿನಂಥ ಅಕ್ಷರ. ನಿಮ್ಮ ಲೋಟಕ್ಕೆ ಬಾಯಿಯ ಅಂಚೇ ಅಂಥ ಗುರುತು. ಅದನ್ನು ಮಾತ್ರ ಒಡೆಯಬೇಡಿ.

ಬರೆದು ಮುಗಿಸಿದ ಮೇಲೆ ಬ್ರಾಕ್‌ನ ಚಿತ್ರದ ಮೇಲ್ಭಾಗವನ್ನು ಮತ್ತೊಮ್ಮೆ ನೋಡಿ. ಬಣ್ಣ ಕಲಸುವ ಹಲಗೆಯಾದ ಪ್ಯಾಲೆಟ್ ತೂಗುಹಾಕಿದ ಮೊಳೆಯನ್ನು ಆತ ಹಳೆಯ ಪದ್ಧತಿಯಲ್ಲೇ, ನೆರಳಿನ ಸಮೇತ, ಕೈಗೆ ಸಿಗುವ ಹಾಗೆ ಬರೆದಿದ್ದಾನೆ.