64 ಜಿಬಿ ಸಾಕಾ, 128 ಬೇಕಾ? ಮಾವನ ಫೋನಿಗೆ ಹಾಕಿದ ಲೆಕ್ಕ

ಹೊನ್ನಾವರ ಕಡೆಯ ನನ್ನ ಸೋದರಮಾವ ಹೊಸ ಫೋನ್ ತಗೊಳ್ಳಬೇಕು ಅಂತ ಹೊರಟಾಗ 64 ಜಿಬಿ ತಗೊಳ್ಳೋದಾ, 128 ತಗೊಳ್ಳೋದಾ ಅಂತ ನನ್ನನ್ನು ಕೇಳಿದರು. ಮನೆಯಲ್ಲಿ ಯಾರಿಗೆ ಫೋನ್ ಬೇಕಾದರೂ ಈ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ. "ಜಾಸ್ತಿ ಇದ್ದರೆ ಒಳ್ಳೆಯದು" ಅಂತ ಸುಮ್ನೆ ಹೇಳಿಬಿಡೋದು ನನಗೆ ಇಷ್ಟವಿಲ್ಲ, ಯಾಕಂದ್ರೆ ದುಡ್ಡು ಅವರದ್ದು. ಒಂದು ಕಾಗದ ತಗೊಂಡು ಲೆಕ್ಕ ಹಾಕಿದರೆ ಉತ್ತರ ತಾನಾಗಿ ಸಿಗುತ್ತದೆ. 1 ಜಿಬಿ ಅಂದ್ರೆ ಸಾವಿರ ಎಂಬಿ ಅಂತ ಹಿಡಿಯಿರಿ. 1024ರ ಲೆಕ್ಕ ಬಾಯಿಲೆಕ್ಕಕ್ಕೆ ಬೇಡ.

ಮೊದಲು ಕೈಗೆ ಎಷ್ಟು ಸಿಗುತ್ತದೆ ಅಂತ ನೋಡಬೇಕು. 64 ಜಿಬಿ ಅಂತ ಡಬ್ಬದ ಮೇಲೆ ಬರೆದಿದ್ದರೂ ಆಂಡ್ರಾಯ್ಡ್ ಮತ್ತು ಕಂಪನಿಯವರೇ ಹಾಕಿಕೊಟ್ಟ ಆ್ಯಪ್‌ಗಳು ಸುಮಾರು 15-20 ಜಿಬಿ ತಿಂದಿರುತ್ತವೆ. ಉಳಿಯೋದು 45ರ ಆಸುಪಾಸು. ಅದರಲ್ಲೂ 5 ಜಿಬಿಯನ್ನು ಮುಟ್ಟಬಾರದು. ಪೂರ್ತಿ ತುಂಬಿದ ಫೋನ್ ನಿಧಾನ ಆಗುತ್ತದೆ, ಅಪ್‌ಡೇಟ್ ಇಳಿಸಿಕೊಳ್ಳಲ್ಲ, ಕ್ಯಾಮೆರಾ ತೆರೆದರೆ ಜಾಗ ಇಲ್ಲ ಅನ್ನುತ್ತದೆ. ಹಾಗಾಗಿ ಮಾವನ ಕಾಗದದ ತಲೆಗೆ 40 ಅಂತ ಬರೆದೆ.

ಆಮೇಲೆ ಅವರ ದಿನಚರಿ ಕೇಳಿದೆ. ದಿನಕ್ಕೆ ಮೂರೋ ನಾಲ್ಕೋ ಫೋಟೋ ತೆಗೀತಾರೆ, ತೋಟದ್ದು, ಮೊಮ್ಮಗಳದ್ದು. ಮಾಮೂಲಿ ಮೋಡ್‌ನಲ್ಲಿ ಒಂದು ಫೋಟೋ 3ರಿಂದ 5 ಎಂಬಿ. 4 ಅಂತ ಹಿಡಿದರೆ ತಿಂಗಳಿಗೆ ನೂರು ಫೋಟೋಗೆ 400 ಎಂಬಿ, ವರ್ಷಕ್ಕೆ 5 ಜಿಬಿ. ಕ್ಯಾಮೆರಾದಲ್ಲಿ 50 ಮೆಗಾಪಿಕ್ಸೆಲ್ ಅಂತ ಬೇರೆ ಮೋಡ್ ಇರುತ್ತಲ್ಲ, ಅದನ್ನು ಆನ್ ಮಾಡಿದರೆ ಒಂದೊಂದು ಫೋಟೋನೇ 10 ಎಂಬಿ ದಾಟುತ್ತದೆ, ಅದು ಬೇಡ ಅಂದೆ. ಆ್ಯಪ್‌ಗಳು ಬ್ಯಾಂಕು, ಯುಪಿಐ, ಯೂಟ್ಯೂಬ್ ಎಲ್ಲ ಸೇರಿ ಇಪ್ಪತ್ತು. ಪ್ಲೇ ಸ್ಟೋರ್ ತೋರಿಸೋದು ಇಳಿಸಿಕೊಳ್ಳುವ ಸೈಜ್ ಮಾತ್ರ, ಬಳಸ್ತಾ ಬಳಸ್ತಾ ಅದು ಬೆಳೆಯುತ್ತದೆ. ಒಂದಕ್ಕೆ 250 ಎಂಬಿಯಂತೆ 5 ಜಿಬಿ ಇಟ್ಟೆ. ಗೇಮ್ ಆಡುವವರಾದರೆ ಈ ಲೆಕ್ಕ ನಡೆಯಲ್ಲ, ಒಂದು ದೊಡ್ಡ ಗೇಮೇ ಹಲವು ಜಿಬಿ ಇರಬಹುದು.

ವಾಟ್ಸಾಪ್‌ಗೆ ಬೇರೆಯೇ ಸಾಲು ಬೇಕು. ಅಲ್ಲಿ ಬರುವ ಫೋಟೋ ಕುಗ್ಗಿಸಿದ್ದು, ಒಂದಕ್ಕೆ 200 ಕೆಬಿ ಅಷ್ಟೇ. ಅಂದ್ರೆ ಐದು ಸೇರಿದರೆ 1 ಎಂಬಿ. ಆದರೆ ಮಾವನ ಗುಂಪುಗಳಲ್ಲಿ ದಿನಕ್ಕೆ ಮೂವತ್ತು ಫೋಟೋ, ನಾಲ್ಕೈದು ಸಣ್ಣ ವಿಡಿಯೋ ಬರುತ್ತವೆ. ವಿಡಿಯೋ ಒಂದಕ್ಕೆ 5 ಎಂಬಿ ಅಂದರೂ ದಿನಕ್ಕೆ ಒಟ್ಟು 30 ಎಂಬಿ, ವರ್ಷಕ್ಕೆ 11 ಜಿಬಿ! ಅವರೇ ತೆಗೆದ ಫೋಟೋಗಳಿಗಿಂತ ಎರಡು ಪಟ್ಟು ಜಾಸ್ತಿ. ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ನಿಲ್ಲಿಸಿದರೆ ಇದು ಬಹಳ ಇಳಿಯುತ್ತದೆ, ಆದರೆ ಅವರು ಒಪ್ಪಲಿಲ್ಲ. ಬಂದದ್ದೆಲ್ಲ ತಕ್ಷಣ ತೆರೆಯಬೇಕು ಅವರಿಗೆ.

ಇನ್ನು ಆಡಿಯೋ. ಮಾವ ತಾಳಮದ್ದಲೆಯ ಹುಚ್ಚಿನವರು. ಹಾಡಾಗಲಿ ಪ್ರಸಂಗವಾಗಲಿ, ಸೈಜ್ ನಿಂತಿರೋದು ಬಿಟ್‌ರೇಟ್ ಮೇಲೆ, ಅಂದ್ರೆ ಒಂದು ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದರ ಮೇಲೆ. 128 ಕೆಬಿಪಿಎಸ್ ಎಂಪಿ3 ಆದರೆ ನಿಮಿಷಕ್ಕೆ 1 ಎಂಬಿ ಅಂತ ನೆನಪಿಟ್ಟುಕೊಂಡರೆ ಸಾಕು. ಐದು ನಿಮಿಷದ ಹಾಡು 5 ಎಂಬಿ, ಮೂರು ಗಂಟೆಯ ಪ್ರಸಂಗ ಸುಮಾರು 175 ಎಂಬಿ. ಅದೇ 320ರಲ್ಲಿ ಇದ್ದರೆ ಎರಡೂವರೆ ಪಟ್ಟು. ಮಾತೇ ಮುಖ್ಯವಾದ ತಾಳಮದ್ದಲೆಗೆ 128 ಧಾರಾಳ ಆಯ್ತು. ಅವರ ಹತ್ತಿರ ಇರುವ ನಲವತ್ತು ಪ್ರಸಂಗಕ್ಕೆ 7 ಜಿಬಿ.

ಇಷ್ಟೂ ಕೂಡಿದರೆ ಮೊದಲ ವರ್ಷಕ್ಕೆ 28 ಜಿಬಿ. 40ರಲ್ಲಿ ಇನ್ನೂ 12 ಉಳೀತು. 64 ಜಿಬಿ ಫೋನೇ ಸಾಕು ಅನ್ನಿಸ್ತದೆ ಅಲ್ವಾ? ಆಗ ಕೇಳಿದೆ, "ಮಾವ, ವಿಡಿಯೋ ತೆಗೀತೀರಾ?"

"ಊರಲ್ಲಿ ಯಕ್ಷಗಾನದ ಆಟ ಆದಾಗ ಎರಡು ತಾಸು ರೆಕಾರ್ಡ್ ಮಾಡ್ತೇನೆ. ಮತ್ತೆಂತಕ್ಕೆ ಫೋನು?" ಅಂದರು.

ಇದೊಂದು ಮಾತಿನಿಂದ ಲೆಕ್ಕವೇ ಬದಲಾಯಿತು. ಇಂಥ ಕಡೆ ನಾನು ಯಾವ ಪಟ್ಟಿಯನ್ನೂ ನಂಬಲ್ಲ, ಅಳೆದೇ ನೋಡ್ತೇನೆ. ಕ್ಯಾಮೆರಾವನ್ನು ಫುಲ್ ಎಚ್‌ಡಿಗೆ, ಅಂದ್ರೆ 1080p 30ಕ್ಕೆ ಇಟ್ಟು, ಜಗಲಿಯಿಂದ ಅಂಗಳದ ಕಡೆ ಸರಿಯಾಗಿ ಒಂದು ನಿಮಿಷ ರೆಕಾರ್ಡ್ ಮಾಡಿದೆ. ಗ್ಯಾಲರಿಯಲ್ಲಿ ಆ ವಿಡಿಯೋ ತೆರೆದು ಬೆರಳಿಂದ ಮೇಲಕ್ಕೆ ಎಳೆದಾಗ ವಿವರ ಬಂತು: 1920×1080, ಸುಮಾರು 130 ಎಂಬಿ. ನಿಮಿಷಕ್ಕೆ 130 ಆದರೆ ಎರಡು ತಾಸಿಗೆ, 120 ನಿಮಿಷಕ್ಕೆ, 15.6 ಜಿಬಿ. ಉಳಿದಿರೋದು 12. ಒಂದು ಆಟವೂ ಹಿಡಿಸಲ್ಲ. ಮುಕ್ಕಾಲು ಮುಗಿಯುವ ಹೊತ್ತಿಗೆ ರೆಕಾರ್ಡಿಂಗ್ ತಾನಾಗಿ ನಿಂತುಬಿಡುತ್ತದೆ, ಟ್ರೈಪಾಡ್ ಮೇಲೆ ಇಟ್ಟು ಚೌಕಿ ಕಡೆ ಹೋದವರಿಗೆ ಗೊತ್ತೂ ಆಗಲ್ಲ. 4ಕೆಯಲ್ಲಿ ತೆಗೆದರೆ ಇದರ ಎರಡೂವರೆ ಮೂರು ಪಟ್ಟು ಬೇಕಾಗುತ್ತದೆ. ಅದಕ್ಕೇ ಈಗ ಯಾರು ಕೇಳಿದರೂ ವಿಡಿಯೋ ಸಾಲನ್ನೇ ಮೊದಲು ಬರೆಯಿರಿ ಅಂತೀನಿ. ನೂರಿಪ್ಪತ್ತು ನಿಮಿಷದ ಆ ಒಂದು ವಿಡಿಯೋದ ಜಾಗದಲ್ಲಿ ಸುಮಾರು ನಾಲ್ಕು ಸಾವಿರ ಫೋಟೋ ಇಡಬಹುದು. ಹಾಡು ಫೋಟೋ ಅಳಿಸಿ ಜಾಗ ಮಾಡ್ತೀನಿ ಅನ್ನೋರು ಇದನ್ನು ಗಮನಿಸಬೇಕು.

ಅದೇ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ HEVC ಅಥವಾ High efficiency ಅಂತ ಒಂದು ಆಯ್ಕೆ ಇತ್ತು. ಅದೇ ಚಿತ್ರವನ್ನು ಇನ್ನೂ ಬಿಗಿಯಾಗಿ ಒತ್ತಿ ಇಡುವ ವಿಧಾನ ಅದು. ಅದನ್ನು ಆನ್ ಮಾಡಿ ಮತ್ತೆ ಒಂದು ನಿಮಿಷ ತೆಗೆದರೆ ಸೈಜ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಅಂದ್ರೆ ಒಂದು ಆಟಕ್ಕೆ 8 ಜಿಬಿ. ನೋಡೋಕೆ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಆದರೆ ಹಳೇ ಟಿವಿ, ಹಳೇ ಕಂಪ್ಯೂಟರಿನಲ್ಲಿ ಇಂಥ ಫೈಲು ಓಡದೇ ಇರಬಹುದು, ದನಿ ಬಂದು ಚಿತ್ರ ಬರದಿದ್ದರೆ ಕಾರಣ ಇದೇ ಅಂತ ತಿಳೀರಿ. ಮಾವನ ಟಿವಿಯಲ್ಲಿ ಹಾಕಿ ನೋಡಿದೆವು, ಓಡಿತು.

ಕೊನೆಗೆ 128 ಜಿಬಿ ಫೋನೇ ತಗೊಂಡರು. ಅದರಲ್ಲಿ ಕೈಗೆ ಸಿಗೋದು 105ರ ಆಸುಪಾಸು, ಬಿಟ್ಟಿಡುವ 5 ತೆಗೆದರೆ 100. ವರ್ಷದ 28 ಕಳೆದರೂ 72 ಉಳಿಯುತ್ತದೆ, 8ರಂತೆ ಒಂಬತ್ತು ಆಟ. ಎರಡನೇ ವರ್ಷಕ್ಕೆ ಫೋಟೋ, ವಾಟ್ಸಾಪ್ ಸೇರಿ ಇನ್ನೂ 16 ಹೋಗುತ್ತದೆ, ಆಗ ಏಳು. ಅದಕ್ಕಿಂತ ಜಾಸ್ತಿಯದ್ದನ್ನು ಪೆನ್‌ಡ್ರೈವ್‌ಗೆ ದಾಟಿಸಬೇಕು.

ಪೆನ್‌ಡ್ರೈವ್ ಅಂದೆನಲ್ಲ, ಅಲ್ಲೊಂದು ತೊಡಕಿದೆ. 64 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ 8 ಜಿಬಿಯ ವಿಡಿಯೋ ಹಾಕೋಕೆ ಹೋದರೆ ಕೆಲವೊಮ್ಮೆ ಕಂಪ್ಯೂಟರ್ "The file is too large for the destination file system" ಅನ್ನುತ್ತದೆ. ಜಾಗ ಇಲ್ಲ ಅಂತ ಅಲ್ಲ. ಆ ಪೆನ್‌ಡ್ರೈವ್ FAT32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಅದು ಹಿಡಿಯಲ್ಲ, ಚಿಕ್ಕ ಫೈಲು ಎಷ್ಟಾದರೂ ಹಿಡಿಯುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್‌ನಲ್ಲಿ exFAT ಆರಿಸಿದರೆ ಸರಿಹೋಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ತೆಗೆದಿಡಿ. ಟಿವಿಗೇ ನೇರ ಚುಚ್ಚಿ ನೋಡೋ ಪೆನ್‌ಡ್ರೈವ್ ಆದರೆ ಆ ಟಿವಿ exFAT ಓದುತ್ತದಾ ಅಂತ ಒಂದು ಸಣ್ಣ ವಿಡಿಯೋ ಹಾಕಿ ಪರೀಕ್ಷೆ ಮಾಡಿಕೊಂಡೇ ದೊಡ್ಡದನ್ನು ದಾಟಿಸಿ.