ತೌಡು ತೆಗೆಯದ ಅಕ್ಕಿಯ ಅನ್ನ: ನೆನೆಸಿದರೆ ಅರ್ಧ ಕೆಲಸ ಮುಗಿದಂತೆ

ಪಾಲಿಶ್ ಮಾಡದ ಅಕ್ಕಿಯ ಅನ್ನ ಹೊರಗೆ ಒಡೆದು, ಒಳಗೆ ಗಟ್ಟಿಯಾಗಿ ಉಳಿಯಿತು ಎಂದು ಹಲವರು ಅದನ್ನು ಕೈಬಿಡುತ್ತಾರೆ. ತಪ್ಪು ಅಕ್ಕಿಯದ್ದಲ್ಲ, ನೆನೆಸಿದ ರೀತಿಯದ್ದು. ಮಿಲ್‌ನಲ್ಲಿ ಹೊಟ್ಟು ಮಾತ್ರ ಹೋಗಿ ತೌಡಿನ ಪದರ ಕಾಳಿಗೆ ಅಂಟಿಕೊಂಡೇ ಇರುತ್ತದೆ. ಅದರಲ್ಲಿ ನಾರೂ ಎಣ್ಣೆಯಂಶವೂ ಇರುವುದರಿಂದ ನೀರು ಬೇಗ ಒಳಗಿಳಿಯುವುದಿಲ್ಲ. ಬಿಳಿ ಅಕ್ಕಿಗೆ ಈ ಅಡ್ಡಿ ಇಲ್ಲ, ಹಾಗಾಗಿ ಅದು ಬೇಗ ಬೇಯುತ್ತದೆ.

ಮೂರು ಜನರಿಗೆ ಒಂದು ಲೋಟ ಅಕ್ಕಿ ಸಾಕು. ಒಣ ಅಕ್ಕಿಯನ್ನೇ ಅಳೆಯಿರಿ. ನೆನೆದು ಉಬ್ಬಿದ ಮೇಲೆ ಅಳೆದು ಅದೇ ಲೆಕ್ಕದಲ್ಲಿ ನೀರು ಹಾಕಿದರೆ ಅನ್ನ ಮುದ್ದೆಯಾಗುತ್ತದೆ.

ಎರಡು ಸಲ ತೊಳೆದು, ಅಕ್ಕಿಯ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಹಾಕಿ ರಾತ್ರಿ ನೆನೆಸಿಡಿ. ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಎಂಟು ಗಂಟೆ ಬೇಕು. ಏಪ್ರಿಲ್, ಮೇ ತಿಂಗಳ ಶಿವಮೊಗ್ಗದ ಸೆಕೆಯಲ್ಲಿ ಆರು ಗಂಟೆ ಸಾಕು. ಅದಕ್ಕಿಂತ ಹೆಚ್ಚು ಬಿಟ್ಟರೆ ನೀರಿನ ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ. ನೆನೆದಿದೆಯೋ ಇಲ್ಲವೋ ತಿಳಿಯಲು ಒಂದು ಕಾಳನ್ನು ಉಗುರಿನಿಂದ ಒತ್ತಿ: ಸುಲಭವಾಗಿ ಮುರಿದು ನಡುವೆಯೂ ಮೆತ್ತಗಿದ್ದರೆ ಸರಿ. ಕಟಕ್ಕೆಂದು ಮುರಿದರೆ ಇನ್ನೂ ಸಮಯ ಬೇಕು. ಮರೆತಿದ್ದರೆ ಬಿಸಿನೀರಿನಲ್ಲಿ ಎರಡು ಗಂಟೆ ಇಡಬಹುದು. ಬೇಗ ಬೇಯಲೆಂದು ಅಡುಗೆ ಸೋಡಾ ಮಾತ್ರ ಹಾಕಬೇಡಿ. ರುಚಿ ಕೆಡುತ್ತದೆ, ತೌಡಿನಲ್ಲಿರುವ ಬಿ1 ವಿಟಮಿನ್ನೂ ನಾಶವಾಗುತ್ತದೆ.

ನೆನೆಸಿದ ನೀರು ಚೆಲ್ಲಿ, ಕುಕ್ಕರ್‌ನೊಳಗೆ ಇಡುವ ಪಾತ್ರೆಗೆ ಅಕ್ಕಿ ಹಾಕಿ, ಎರಡು ಲೋಟ ಹೊಸ ನೀರು ಹಾಕಿ. ತಂಬುಳಿಗೆ ಕಲಸಿಕೊಳ್ಳಲು ಮೆತ್ತಗೆ ಬೇಕೆಂದರೆ ಎರಡೂವರೆ. ಕುಕ್ಕರ್‌ನ ತಳಕ್ಕೆ ಎಂದಿನಂತೆ ಒಂದು ಲೋಟ ಸಾಲದು, ಎರಡು ಲೋಟ ಬೇಕು. ಬೇಯುವ ಹೊತ್ತು ಹೆಚ್ಚಾದ್ದರಿಂದ ತಳದ ನೀರು ಆರಿ ಕುಕ್ಕರ್ ಸೀಯುವುದು ಇಲ್ಲೇ. ಒಂದು ಕೂಗು ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಇಪ್ಪತ್ತು ನಿಮಿಷ ಬಿಡಿ. ಕೂಗು ಎಣಿಸುತ್ತ ಕೂರುವುದಕ್ಕಿಂತ ಗಡಿಯಾರ ನೋಡುವುದು ಮೇಲು. ಉರಿಯ ಜೋರಿನ ಮೇಲೆ ಕೂಗುವ ಲೆಕ್ಕ ಬದಲಾಗುತ್ತದೆ.

ಆಮೇಲೆ ಆವಿ ತಾನಾಗಿ ಇಳಿಯಲಿ. ವೆಯ್ಟ್ ಎತ್ತಿ ಆವಿ ಬಿಟ್ಟರೆ ಕಾಳಿನ ನಡುವಿಗೆ ಸಿಗಬೇಕಾದ ಕೊನೆಯ ಬಿಸಿ ತಪ್ಪುತ್ತದೆ. ಮುಚ್ಚಳ ತೆಗೆದಾಗ ಒಂದು ಅಗುಳನ್ನು ಹಿಸುಕಿ ನೋಡಿ. ನಡುವೆ ಬಿಳಿ ಚುಕ್ಕೆ ಕಂಡರೆ ಕಾಲು ಲೋಟ ಬಿಸಿನೀರು ಚಿಮುಕಿಸಿ, ತಳಕ್ಕೂ ನೀರಿದೆಯೇ ನೋಡಿಕೊಂಡು ಮತ್ತೆ ಐದು ನಿಮಿಷ ಇಡಿ.

ಬಿಳಿ ಅಕ್ಕಿಯೊಂದಿಗೆ ಬೆರೆಸಿ ಒಂದೇ ಪಾತ್ರೆಯಲ್ಲಿ ಬೇಯಿಸಬೇಡಿ, ಒಂದು ಗಂಜಿಯಾಗುವಾಗ ಇನ್ನೊಂದು ಇನ್ನೂ ಬೆಂದಿರುವುದಿಲ್ಲ. ಕುಚ್ಚಲಕ್ಕಿಗೂ ಈ ಲೆಕ್ಕ ಹೊಂದುವುದಿಲ್ಲ, ಅದು ಭತ್ತವಾಗಿದ್ದಾಗಲೇ ಕುದಿಸಿ ಒಣಗಿಸಿದ್ದು. ಕೊಳ್ಳುವಾಗ ಒಂದು ಹಿಡಿ ಅಕ್ಕಿ ಮೂಸಿ ನೋಡಿ. ಹಳೇ ಎಣ್ಣೆಯ ಕಮಟು ಇದ್ದರೆ ತೌಡು ಕೆಟ್ಟಿದೆ, ಎಷ್ಟು ಬೇಯಿಸಿದರೂ ಆ ವಾಸನೆ ಹೋಗದು. ಒಂದು ತಿಂಗಳಿಗೆ ಆಗುವಷ್ಟನ್ನು ಮಾತ್ರ ತಂದು ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ.